ಖಾತೆಯಿಂದ ಹಣ ಹೋಯ್ತಾ? ಮೂರು ಕೆಲಸದ ದಿನದೊಳಗೆ ದೂರು ಕೊಡಿ

ನೀವು ಒಟಿಪಿ ಯಾರಿಗೂ ಹೇಳಿಲ್ಲ. ಕಾರ್ಡು ಜೇಬಲ್ಲೇ ಇದೆ. ಆದರೂ ವಿದೇಶಿ ವೆಬ್‌ಸೈಟ್ ಒಂದರಲ್ಲಿ ನಿಮ್ಮ ಡೆಬಿಟ್ ಕಾರ್ಡಿನಿಂದ ಹಣ ಹೋಗಿದೆ ಎಂದು ಮೆಸೇಜ್ ಬಂತು. ಈ ನಷ್ಟ ಯಾರದು? ಇದಕ್ಕೆ ಆರ್‌ಬಿಐ 2017ರ ಜುಲೈ 6ರಂದೇ ನಿಯಮ ಮಾಡಿದೆ.

ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ ಎಲ್ಲ ನಿಂತಿರುವುದು ನೀವು ಯಾವಾಗ ತಿಳಿಸಿದಿರಿ ಎಂಬುದರ ಮೇಲೆ. ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮಗೆ ಒಂದು ರೂಪಾಯಿಯೂ ನಷ್ಟವಿಲ್ಲ. ನಾಲ್ಕರಿಂದ ಏಳನೇ ಕೆಲಸದ ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆಯಲ್ಲಿ ಪ್ರತಿ ವಹಿವಾಟಿಗೆ ಗರಿಷ್ಠ 10,000 ರೂಪಾಯಿ ನಿಮ್ಮ ತಲೆಗೆ. ಏಳು ಕೆಲಸದ ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿಯಂತೆ.

ದಿನ ಎಣಿಸುವುದು ಹೀಗೆ. ಎರಡನೇ ಶನಿವಾರದ ಹಿಂದಿನ ಶುಕ್ರವಾರ ರಾತ್ರಿ ಮೆಸೇಜ್ ಬಂತು ಅಂದುಕೊಳ್ಳಿ. ಮೆಸೇಜ್ ಬಂದ ದಿನ ಲೆಕ್ಕಕ್ಕಿಲ್ಲ. ಶನಿವಾರ, ಭಾನುವಾರ ರಜೆ. ಬೇರೆ ರಜೆ ಇಲ್ಲದಿದ್ದರೆ ಬುಧವಾರ ಮೂರನೇ ದಿನ.

ಈಗ 9,900 ರೂಪಾಯಿಯಂತೆ ನಾಲ್ಕು ಸಲ, ಒಟ್ಟು 39,600 ರೂಪಾಯಿ ಹೋಗಿದೆ ಎನ್ನೋಣ. ಬುಧವಾರದೊಳಗೆ ದೂರು ಕೊಟ್ಟರೆ ಪೂರ್ತಿ ವಾಪಸ್. ಗುರುವಾರ ಕೊಟ್ಟರೆ? ಮಿತಿ ಒಂದೊಂದು ವಹಿವಾಟಿಗೆ ಬೇರೆ ಬೇರೆ. ನಾಲ್ಕೂ 10,000ಕ್ಕಿಂತ ಕಡಿಮೆ, ಹಾಗಾಗಿ ಅಷ್ಟೂ ಹಣ ನಿಮ್ಮದೇ ನಷ್ಟ. ಅದೇ ಮೊತ್ತ ಒಂದೇ ಸಲಕ್ಕೆ ಹೋಗಿದ್ದರೆ ನಷ್ಟ 10,000 ಮಾತ್ರ. ಸಣ್ಣ ಸಣ್ಣ ಮೊತ್ತ ಹೋದವರಿಗೇ ಒಂದು ದಿನದ ತಡ ಜಾಸ್ತಿ ಹೊಡೆತ ಕೊಡುತ್ತದೆ. ಇದು ನ್ಯಾಯವಲ್ಲ ಅಂತಲೇ ನನ್ನ ಅಭಿಪ್ರಾಯ, ಆದರೆ ನಿಯಮ ಇರುವುದು ಹೀಗೆ.

ಹಾಗಂತ ಬುಧವಾರದವರೆಗೆ ಸುಮ್ನೆ ಕೂರಬೇಡಿ. ಮೊದಲು ಆ್ಯಪ್‌ನಲ್ಲೋ ಸಹಾಯವಾಣಿಯಲ್ಲೋ ಕಾರ್ಡ್ ಬ್ಲಾಕ್ ಮಾಡಿಸಿ, ಅಲ್ಲೇ ದೂರು ಬರೆಸಿ. ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ ತಿಳಿಸಿದಿರಿ ಎಂಬುದಕ್ಕೆ ಮುಂದೆ ಅದೇ ಸಾಕ್ಷಿ. ಬಳಿಕ 1930ಕ್ಕೆ ಕರೆ ಮಾಡಿ ಅಥವಾ cybercrime.gov.in ನಲ್ಲಿ ದಾಖಲಿಸಿ. ಇದು ಹಣ ತಡೆಯುವ ದಾರಿ. ಆದರೆ ಬ್ಯಾಂಕಿಗೆ ತಿಳಿಸುವ ಕೆಲಸ ಬೇರೆಯೇ ಮಾಡಬೇಕು.

ದೂರು ಕೊಟ್ಟ 10 ಕೆಲಸದ ದಿನದೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು. 90 ದಿನದೊಳಗೆ ಇತ್ಯರ್ಥ ಮಾಡಬೇಕು. ‘ತಪ್ಪು ನಿಮ್ಮದೇ’ ಎಂದರೆ ಅದನ್ನು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಬ್ಯಾಂಕಿನದೇ ಲೋಪವಾಗಿದ್ದರಂತೂ ನೀವು ತಡವಾಗಿ ತಿಳಿಸಿದರೂ ನಷ್ಟ ಅವರದೇ.

ಒಟಿಪಿಯನ್ನೋ ಪಿನ್ ಅನ್ನೋ ನೀವೇ ಹೇಳಿಬಿಟ್ಟಿದ್ದರೆ, ತಿಳಿಸುವವರೆಗಿನ ನಷ್ಟವೆಲ್ಲ ನಿಮ್ಮದು. ಆಗಲೂ ನಾಚಿಕೊಂಡು ಮುಚ್ಚಿಡಬೇಡಿ. ತಿಳಿಸಿದ ಮೇಲೆ ಹೋದ ಹಣಕ್ಕೆ ಬ್ಯಾಂಕೇ ಹೊಣೆ.