ತೆರಿಗೆ ಋತುವಿನಲ್ಲಿ ಸಿ.ಎ. ಕಚೇರಿಯ ಪೋಸ್ಟ್‌ಗಳು: ಗಡುವನ್ನು ತಿಳಿಸಿ ಕಕ್ಷಿದಾರರನ್ನು ಪಡೆಯುವ ಬಗೆ

ಏಪ್ರಿಲ್ ಕಳೆಯುತ್ತಿದ್ದಂತೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಒಂದೇ ಅಚ್ಚಿನ ಚಿತ್ರಗಳು ಕಾಣಿಸಿಕೊಳ್ಳುತ್ತವೆ. ಕೆಂಪು ಗಡಿಯಾರ, ಅದರ ಕೆಳಗೆ ಹದಿನೈದು ದಿನಾಂಕಗಳ ಪಟ್ಟಿ, ಎಲ್ಲಕ್ಕಿಂತ ಕೆಳಗೆ ಕಚೇರಿಯ ಹೆಸರು ಮತ್ತು ‘ಇಂದೇ ಸಂಪರ್ಕಿಸಿ’ ಎಂಬ ಸಾಲು. ಹೊಸದಾಗಿ ವೃತ್ತಿ ಆರಂಭಿಸಿದ ಕಿರಿಯ ಲೆಕ್ಕಪರಿಶೋಧಕರು ಇಂಥ ಚಿತ್ರಗಳನ್ನು ಹಂಚಿ, ಒಬ್ಬರೂ ಬರಲಿಲ್ಲವೆಂದು ನೊಂದುಕೊಳ್ಳುವುದನ್ನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ಆ ಪಟ್ಟಿಯನ್ನು ನೋಡಿದ ಓದುಗನಿಗೆ ಅದರಲ್ಲಿ ತನ್ನ ದಿನಾಂಕ ಯಾವುದು, ಅದು ತಪ್ಪಿದರೆ ತನ್ನ ಜೇಬಿನಿಂದ ಹೋಗುವುದೆಷ್ಟು ಎಂಬುದು ತಿಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಕೊನೆಯ ಸಾಲು ಬರೆದವರನ್ನೇ ತೊಂದರೆಗೆ ಸಿಲುಕಿಸಬಹುದು.

ಆದ್ದರಿಂದ ಬರೆಯುವ ಮೊದಲು ಮಾಡಬೇಕಾದ ಕೆಲಸ ಕಾಯ್ದೆಯನ್ನು ಓದುವುದು. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಮೊದಲ ಅನುಸೂಚಿಯ ಮೊದಲ ಭಾಗದ 6ನೇ ಖಂಡವು ಕೆಲಸವನ್ನು ಬೇಡಿ ಹೋಗುವುದನ್ನು ವೃತ್ತಿ ದುರ್ನಡತೆಯೆಂದು ಕರೆಯುತ್ತದೆ. 7ನೇ ಖಂಡವು ಸೇವೆಗಳ ಜಾಹೀರಾತಿಗೆ ಕಡಿವಾಣ ಹಾಕುತ್ತದೆ. ಬರಹಕ್ಕೆ ಎಷ್ಟರ ಮಟ್ಟಿಗೆ ಅವಕಾಶವಿದೆ ಎಂಬುದನ್ನು ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯ ಮಾರ್ಗಸೂಚಿಗಳು ಹೇಳುತ್ತವೆ. ಅವು ಆಗಾಗ ಪರಿಷ್ಕೃತವಾಗುವುದರಿಂದ ಮೊದಲ ಪೋಸ್ಟ್ ಬರೆಯುವ ದಿನ ಜಾರಿಯಲ್ಲಿರುವ ಪಠ್ಯವನ್ನೇ ಸಂಸ್ಥೆಯ ಜಾಲತಾಣದಲ್ಲಿ ಓದಿಕೊಳ್ಳಬೇಕು. ಹಿರಿಯರೊಬ್ಬರು ಹೇಳಿದ್ದನ್ನು ನೆಚ್ಚಬಾರದು. ‘ಸ್ನೇಹಿತರನ್ನು ಕರೆತಂದರೆ ಇನ್ನೂರು ರೂಪಾಯಿ ನಿಮಗೆ’ ಎಂಬುದು ಅದೇ ಭಾಗದ 2ನೇ ಖಂಡಕ್ಕೆ ತಗಲುತ್ತದೆ. ‘ಬಂದ ರಿಫಂಡ್‌ನಲ್ಲಿ ಶೇಕಡಾ ಹತ್ತು ನಮ್ಮ ಶುಲ್ಕ’ ಎಂಬುದು 10ನೇ ಖಂಡಕ್ಕೆ ತಗಲುತ್ತದೆ. ಪರಿಚಯವಿಲ್ಲದ ನಂಬರುಗಳನ್ನು ಕೊಂಡುಕೊಂಡು ಸಂದೇಶ ಹರಿಬಿಡುವುದು ಬೇಡಿ ಹೋಗುವುದೇ ಆಗುತ್ತದೆ. ಹಾಗಿದ್ದರೆ ಹೊಸಬರು ಬರುವುದು ಹೇಗೆ? ಓದಿದವನು ‘ಇದು ನನ್ನದೇ ಸಂಗತಿ’ ಎಂದು ಗುರುತಿಸಿಕೊಂಡು ತಾನಾಗಿಯೇ ಬರುವಂತೆ ಬರೆಯುವುದೊಂದೇ ದಾರಿ.

ಎರಡನೆಯ ಹಂತ, ಋತುವನ್ನು ಐದು ಪೋಸ್ಟ್‌ಗಳಾಗಿ ವಿಂಗಡಿಸುವುದು. ಒಂದು ಪೋಸ್ಟ್‌ಗೆ ಒಂದೇ ದಿನಾಂಕ, ಒಬ್ಬನೇ ಓದುಗ. ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಮುಗಿದುಹೋದ 2025ರ ಋತುವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಮೊದಲನೆಯದು ಜೂನ್ ಆರಂಭಕ್ಕೆ, ‘ಫಾರ್ಮ್ 16 ಬರುವವರೆಗೆ ಕಾಯಿರಿ’ ಎಂಬುದು: ಕೊನೆಯ ತ್ರೈಮಾಸಿಕದ ಟಿಡಿಎಸ್ ವಿವರ ಸಲ್ಲಿಸಲು ಕಡಿತ ಮಾಡಿದವರಿಗೆ ಮೇ 31ರವರೆಗೆ, ಫಾರ್ಮ್ 16 ಕೊಡಲು ಜೂನ್ 15ರವರೆಗೆ ಅವಕಾಶವಿರುವುದರಿಂದ, ಅದಕ್ಕೂ ಮೊದಲು ಅವಸರದಿಂದ ರಿಟರ್ನ್ ಸಲ್ಲಿಸಿದವರ ಲೆಕ್ಕದಲ್ಲಿ ಕಡಿತವಾದ ತೆರಿಗೆಯೇ ಕಾಣದೆ ಹೋಗಬಹುದು. ಎರಡನೆಯದು ಬಾಕಿ ತೆರಿಗೆಯ ಬಡ್ಡಿಯ ಕುರಿತು, ಮೂರನೆಯದು ಹಳೆಯ ತೆರಿಗೆ ಪದ್ಧತಿಯ ಕುರಿತು, ನಾಲ್ಕನೆಯದು ಗಡುವಿನ ಮರುದಿನ ಇ-ವೆರಿಫಿಕೇಷನ್ ಕುರಿತು. ಐದನೆಯದು ತಡವಾದ ಮತ್ತು ತಿದ್ದಿದ ರಿಟರ್ನ್‌ಗಳಿಗೆ ಆ ಋತುವಿನಲ್ಲಿದ್ದ ಡಿಸೆಂಬರ್ 31ರ ಕುರಿತು. ತಿಂಗಳಿಗೆ ಹನ್ನೆರಡು ಸಿದ್ಧ ಪೋಸ್ಟರ್ ಕೊಡುತ್ತೇವೆಂದು ಮಾರುವವರಿಗೆ ದುಡ್ಡು ಸುರಿಯಬೇಡಿ. ಅದೇ ಪೋಸ್ಟರ್ ಪಕ್ಕದ ಬೀದಿಯ ಕಚೇರಿಯ ಹೆಸರಿನಲ್ಲೂ ಇರುತ್ತದೆ. ನಾನು ನೋಡಿದ ಒಂದರಲ್ಲಿ ಲೆಕ್ಕಪರಿಶೋಧನೆಗೆ ಒಳಪಡುವವರ ದಿನಾಂಕವನ್ನು ಸಂಬಳದಾರರ ಚಿತ್ರದ ಕೆಳಗೆ ಹಾಕಿದ್ದರು.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ, ಅಂದರೆ ಗಡುವು ವಿಸ್ತರಣೆಯಾದಾಗ. ಆ ವರ್ಷ ಲೆಕ್ಕಪರಿಶೋಧನೆ ಬೇಕಿಲ್ಲದವರಿಗಿದ್ದ ಜುಲೈ 31ರ ಗಡುವನ್ನು ಕೇಂದ್ರ ನೇರ ತೆರಿಗೆ ಮಂಡಳಿ ಮೇ 27ರಂದು ಸೆಪ್ಟೆಂಬರ್ 15ಕ್ಕೆ ಮುಂದೂಡಿತು. ಸೆಪ್ಟೆಂಬರ್ 15ರ ಸರಿರಾತ್ರಿಯ ಹೊತ್ತಿಗೆ ಇನ್ನೊಂದು ದಿನ ಕೊಟ್ಟಿತು. ನಾನು ಮೇ ಮೂರನೆಯ ವಾರದಲ್ಲೇ ‘ಜುಲೈ 31 ಕೊನೆಯ ದಿನ’ ಎಂದು ಚಿತ್ರ ಮಾಡಿ ಹಂಚಿದ್ದೆ. ಫೇಸ್‌ಬುಕ್‌ನಲ್ಲಿ ತಿದ್ದಿದೆ, ಆದರೆ ವಾಟ್ಸ್‌ಆ್ಯಪ್‌ನಲ್ಲಿ ಕೈಬಿಟ್ಟ ಚಿತ್ರ ತಿರುಗುತ್ತಲೇ ಇತ್ತು. ಆಗಸ್ಟ್ ಮೊದಲ ವಾರ ಒಬ್ಬರು ಅದನ್ನೇ ತೋರಿಸಿ ‘ಸಾರ್, ಐದು ಸಾವಿರ ದಂಡ ಕಟ್ಟಲೇಬೇಕಾ?’ ಎಂದು ಗಾಬರಿಯಿಂದ ಕೇಳಿದರು. ಅಂದಿನಿಂದ ದಿನಾಂಕವಿರುವ ಪ್ರತಿ ಚಿತ್ರದ ಒಳಗೇ, ಶೀರ್ಷಿಕೆಯ ಪಕ್ಕದಲ್ಲಿ, ‘ಇಂಥ ದಿನದವರೆಗಿನ ಮಾಹಿತಿ’ ಎಂದು ಬರೆಯುತ್ತೇನೆ. ಚಿತ್ರದ ಜೊತೆಗಿನ ಬರಹದಲ್ಲಿ ಬರೆದರೆ ಸಾಲದು, ಏಕೆಂದರೆ ಫಾರ್ವರ್ಡ್ ಮಾಡುವವರು ಅದನ್ನು ಬಿಟ್ಟು ಚಿತ್ರವನ್ನಷ್ಟೇ ಕಳಿಸುತ್ತಾರೆ.

ಇದಕ್ಕಿಂತ ದೊಡ್ಡ ತಪ್ಪು, ವಿಸ್ತರಣೆಯ ದಿನ ‘ಗುಡ್ ನ್ಯೂಸ್, ಇನ್ನು ಆರಾಮಾಗಿರಿ’ ಎಂದು ಬರೆಯುವುದು. ಮುಂದೆ ಹೋಗುವುದು ರಿಟರ್ನ್ ಸಲ್ಲಿಸುವ ಗಡುವು. ಮುಂಗಡ ತೆರಿಗೆ ಕಟ್ಟದಿದ್ದುದಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ 234ಬಿ ಕಲಮಿನಡಿ ಏಪ್ರಿಲ್ 1ರಿಂದ ಬೀಳುವ ತಿಂಗಳಿಗೆ ಶೇಕಡಾ 1ರ ಬಡ್ಡಿ ಯಾವ ವಿಸ್ತರಣೆಗೂ ನಿಲ್ಲುವುದಿಲ್ಲ, ಮತ್ತು ತಿಂಗಳಿನ ಒಂದು ದಿನ ಬಳಸಿದರೂ ಪೂರ್ತಿ ತಿಂಗಳ ಬಡ್ಡಿ ಬೀಳುತ್ತದೆ. ಸಂಬಳದ ಜೊತೆಗೆ ಮನೆ ಬಾಡಿಗೆ ಮತ್ತು ಠೇವಣಿ ಬಡ್ಡಿ ಇರುವ ಐವತ್ತರ ಆಸುಪಾಸಿನ ಒಬ್ಬರನ್ನು ಊಹಿಸಿಕೊಳ್ಳಿ. ಟಿಡಿಎಸ್ ಕಳೆದ ಮೇಲೆ ಅವರಿಗೆ ₹40,000 ತೆರಿಗೆ ಬಾಕಿ ಇದೆ, ಮುಂಗಡವಾಗಿ ಏನೂ ಕಟ್ಟಿಲ್ಲ. ಜುಲೈ 31ರಂದು ಕಟ್ಟಿದ್ದರೆ ನಾಲ್ಕು ತಿಂಗಳಿಗೆ ₹1,600 ಬಡ್ಡಿಯಾಗುತ್ತಿತ್ತು. ‘ಆರಾಮಾಗಿರಿ’ ಎಂಬ ಮಾತನ್ನು ನಂಬಿ ಸೆಪ್ಟೆಂಬರ್ 15ರಂದು ಕಟ್ಟಿದರೆ ಆರು ತಿಂಗಳಿಗೆ ₹2,400 ಆಗುತ್ತದೆ. ಮುಂಗಡ ತೆರಿಗೆಯ ಕಂತುಗಳು ತಪ್ಪಿದ್ದಕ್ಕೆ 234ಸಿ ಅಡಿ ಬೀಳುವ ಬಡ್ಡಿ ಬೇರೆಯೇ ಇದೆ, ಆದರೆ ಅದು ಮಾರ್ಚ್‌ಗೇ ಮುಗಿದ ಲೆಕ್ಕವಾದ್ದರಿಂದ ಈ ಪೋಸ್ಟ್‌ಗೆ ತರಬೇಡಿ. ತಂದರೆ ಓದುಗನಿಗೆ ಇಂದು ಏನು ಮಾಡಬೇಕೆಂಬುದೇ ಮಸುಕಾಗುತ್ತದೆ.

ಈ ಲೆಕ್ಕವನ್ನು ಪೋಸ್ಟ್ ಆಗಿ ನಾನು ಬರೆಯುವುದು ಹೀಗೆ:

“ರಿಟರ್ನ್ ಗಡುವು ಸೆಪ್ಟೆಂಬರ್ 15ಕ್ಕೆ ಹೋಗಿದೆ. ತೆರಿಗೆ ಬಾಕಿಯ ಮೇಲಿನ ಬಡ್ಡಿ ಮಾತ್ರ ನಿಂತಿಲ್ಲ. ಟಿಡಿಎಸ್ ಕಳೆದು ₹40,000 ಬಾಕಿ ಉಳಿದು, ಮುಂಗಡ ತೆರಿಗೆ ಕಟ್ಟದೇ ಇದ್ದವರಿಗೆ ಪ್ರತಿ ತಿಂಗಳೂ ₹400 ಸೇರುತ್ತಿದೆ. ರಿಟರ್ನ್ ಆಮೇಲೆ ಸಲ್ಲಿಸಿದರೂ ತೆರಿಗೆಯನ್ನು ಈ ತಿಂಗಳೇ ಕಟ್ಟಬಹುದು. ಬಾಕಿ ₹10,000ಕ್ಕಿಂತ ಕಡಿಮೆ ಇರುವವರಿಗೂ, ವ್ಯಾಪಾರ ಅಥವಾ ವೃತ್ತಿಯ ಆದಾಯವಿಲ್ಲದ 60 ವರ್ಷ ತುಂಬಿದ ಹಿರಿಯರಿಗೂ ಈ ಬಡ್ಡಿ ಇಲ್ಲ. ಸಂಬಳವಷ್ಟೇ ಇದ್ದು ಪೂರ್ತಿ ತೆರಿಗೆ ಕಡಿತವಾಗಿರುವವರು ಏನೂ ಮಾಡಬೇಕಿಲ್ಲ.”

ಕೊನೆಯ ಎರಡು ವಾಕ್ಯಗಳನ್ನು ಅಳಿಸುವ ಆಸೆ ಎಲ್ಲ ಕಿರಿಯರಿಗೂ ಬರುತ್ತದೆ. ‘ನೀವು ಬರಬೇಕಿಲ್ಲ ಎಂದು ನಾವೇ ಹೇಳುವುದೇಕೆ?’ ಎಂದು ಕೇಳುತ್ತಾರೆ. ನನ್ನ ಅನುಭವದಲ್ಲಿ ಕಕ್ಷಿದಾರರನ್ನು ತರುವುದು ಆ ಎರಡು ವಾಕ್ಯಗಳೇ. ಉಳಿದವರನ್ನು ಹೊರಗಿಟ್ಟಾಗ, ಬಾಡಿಗೆ ಬರುವವನಿಗೆ ತಾನು ಒಳಗಿದ್ದೇನೆಂಬುದು ಖಚಿತವಾಗುತ್ತದೆ. ಪಿಂಚಣಿಯಷ್ಟೇ ಇರುವ ಅಜ್ಜನಿಗೆ ಅನಗತ್ಯ ಭಯ ಹುಟ್ಟುವುದಿಲ್ಲ, ಮತ್ತು ಅವರು ಅದನ್ನು ಅಂಗಡಿ ಇಟ್ಟಿರುವ ಮಗನಿಗೆ ಕಳಿಸುತ್ತಾರೆ. ಪೋಸ್ಟ್‌ನ ಅಡಿಯಲ್ಲಿ ನಿಮ್ಮ ಹೆಸರು, ‘ಚಾರ್ಟರ್ಡ್ ಅಕೌಂಟೆಂಟ್’ ಎಂಬ ಪದವಿ ಮತ್ತು ಊರು ಇದ್ದರೆ ಸಾಕು. ‘ನಂಬರ್ ಒನ್’, ‘ಅತಿ ಕಡಿಮೆ ದರ’, ‘ಗರಿಷ್ಠ ರಿಫಂಡ್’ ಯಾವುದೂ ಬೇಡ. ಉದಾಹರಣೆಗೆ ನಿಜವಾದ ಕಕ್ಷಿದಾರರ ಅಂಕಿಗಳನ್ನು ಹೆಸರು ಮರೆಸಿ ಬಳಸುವುದೂ ಬೇಡ, ಏಕೆಂದರೆ ಸಣ್ಣ ಊರಿನಲ್ಲಿ ಎರಡು ಮಳಿಗೆ ಬಾಡಿಗೆಗೆ ಕೊಟ್ಟ ಮೇಷ್ಟ್ರು ಯಾರೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಒಪ್ಪಿಗೆಯಿಲ್ಲದೆ ಕಕ್ಷಿದಾರರ ಮಾಹಿತಿ ಹೊರಹಾಕುವುದು ಎರಡನೆಯ ಅನುಸೂಚಿಯ ಪ್ರಕಾರ ದುರ್ನಡತೆ.

ಮೂರನೆಯ ಪೋಸ್ಟ್ ಗಡುವಿಗೆ ಎರಡು ವಾರ ಮುಂಚೆ ಹೊರಬರಬೇಕು. ಅದರಲ್ಲಿ ದಂಡವನ್ನೇ ಮುಂದಿಡುವುದು ರೂಢಿ: ಒಟ್ಟು ಆದಾಯ ₹5 ಲಕ್ಷ ದಾಟಿದ್ದರೆ ₹5,000, ದಾಟಿಲ್ಲದಿದ್ದರೆ ₹1,000. ಆದರೆ ತಡವಾದವರಿಗೆ ನಿಜವಾಗಿ ಪೆಟ್ಟು ಬೀಳುವುದು ಬೇರೆಡೆ. ಗಡುವಿನೊಳಗೆ ಸಲ್ಲಿಸದಿದ್ದರೆ ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಳ್ಳುವ ಅವಕಾಶವೇ ತಪ್ಪಿಹೋಗುತ್ತದೆ. ಮನೆ ಬಾಡಿಗೆ ಭತ್ಯೆ, ಜೀವವಿಮೆ, ಗೃಹಸಾಲದ ಬಡ್ಡಿ ಎಲ್ಲವನ್ನೂ ಲೆಕ್ಕಹಾಕಿಕೊಂಡು ಕುಳಿತವರಿಗೆ ಇದು ಐದು ಸಾವಿರಕ್ಕಿಂತ ಎಷ್ಟೋ ದುಬಾರಿಯಾಗಬಹುದು. ಷೇರಿನಲ್ಲಿ ಅಥವಾ ವ್ಯಾಪಾರದಲ್ಲಿ ಆದ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯುವ ಹಕ್ಕೂ ಹೋಗುತ್ತದೆ. ಇವೆರಡರಲ್ಲಿ ಒಂದನ್ನೇ ಆರಿಸಿ ಬರೆಯಿರಿ. ನಾನಾದರೆ ಸಂಬಳದಾರರು ಹೆಚ್ಚಿರುವ ಊರಿನಲ್ಲಿ ಮೊದಲನೆಯದನ್ನು ಬರೆಯುತ್ತೇನೆ.

ನಾಲ್ಕನೆಯ ಪೋಸ್ಟ್ ಅನ್ನು ಬಹುತೇಕ ಕಚೇರಿಗಳು ಬರೆಯುವುದೇ ಇಲ್ಲ, ಏಕೆಂದರೆ ಗಡುವಿನ ಮರುದಿನ ಎಲ್ಲರೂ ನಿದ್ದೆ ಮಾಡುತ್ತಿರುತ್ತಾರೆ. ರಿಟರ್ನ್ ಸಲ್ಲಿಸಿದ 30 ದಿನಗಳೊಳಗೆ ಅದನ್ನು ವೆರಿಫೈ ಮಾಡದಿದ್ದರೆ, ವೆರಿಫೈ ಮಾಡಿದ ದಿನವನ್ನೇ ಸಲ್ಲಿಸಿದ ದಿನವೆಂದು ಎಣಿಸಲಾಗುತ್ತದೆ. ಸೆಪ್ಟೆಂಬರ್ 15ರಂದು ಸಲ್ಲಿಸಿ ಅಕ್ಟೋಬರ್ 20ರಂದು ಆಧಾರ್ ಒಟಿಪಿ ಹಾಕಿದವರು ಸಮಯಕ್ಕೆ ಸಲ್ಲಿಸಿಯೂ ತಡಮಾಡಿದವರಾಗುತ್ತಾರೆ. ಬೇರೆಯವರ ಕೈಯಲ್ಲಿ ಅಗ್ಗದಲ್ಲಿ ರಿಟರ್ನ್ ಮಾಡಿಸಿಕೊಂಡವರು ಅಂದು ಈ ಪೋಸ್ಟ್ ನೋಡಿ, ಪೋರ್ಟಲ್ ತೆರೆದು, ತಮ್ಮದು ಇನ್ನೂ ಬಾಕಿ ಎಂದು ಕಂಡುಕೊಳ್ಳುತ್ತಾರೆ. ಅವರಲ್ಲಿ ಕೆಲವರು ಮುಂದಿನ ಜೂನ್‌ನಲ್ಲಿ ನಿಮ್ಮ ಬಾಗಿಲಿಗೆ ಬರುತ್ತಾರೆ. ಐದನೆಯ ಪೋಸ್ಟ್ ಸುಲಭ: ಡಿಸೆಂಬರ್ ಮೊದಲ ವಾರ, ನಾಲ್ಕು ಸಾಲು.

ಇನ್ನು ಬಂದ ಪ್ರಶ್ನೆಗಳಿಗೆ ಉತ್ತರಿಸುವುದು. ಸಾರ್ವಜನಿಕವಾಗಿ ಕೇಳಿದ ಪ್ರಶ್ನೆಗೆ ಕಲಮನ್ನಷ್ಟೇ ವಿವರಿಸಿ. ‘ನಿಮಗೆ ಇಷ್ಟು ತೆರಿಗೆ ಬರುತ್ತದೆ’ ಎಂದು ಕಾಗದ ನೋಡದೆ ಹೇಳಬೇಡಿ. ಪ್ಯಾನ್, ಪಾಸ್‌ವರ್ಡ್, ಫಾರ್ಮ್ 16 ಯಾವುದನ್ನಾದರೂ ಯಾರಾದರೂ ಎಲ್ಲರೆದುರು ಹಾಕಿದರೆ ಮೊದಲು ಅದನ್ನು ಅಳಿಸಲು ಹೇಳಿ, ಆಮೇಲೆ ಉತ್ತರ ಕೊಡಿ. ಕಚೇರಿಗೆ ಕರೆ ಮಾಡಿದವರನ್ನು ‘ಯಾವ ಪೋಸ್ಟ್ ನೋಡಿ ಬಂದಿರಿ?’ ಎಂದು ಕೇಳಿ ಡೈರಿಯಲ್ಲಿ ಒಂದು ಗೆರೆ ಹಾಕಿಕೊಳ್ಳಿ. ಲೈಕುಗಳ ಲೆಕ್ಕ ಇಡಬೇಡಿ. ದೀಪಾವಳಿ ಶುಭಾಶಯಕ್ಕೆ ಬೀಳುವಷ್ಟು ಲೈಕು 234ಬಿಗೆ ಎಂದೂ ಬೀಳುವುದಿಲ್ಲ. ನನ್ನ ಡೈರಿಯಲ್ಲಿ ಆ ವರ್ಷ ಹೆಚ್ಚು ಗೆರೆಗಳಿದ್ದುದು ‘ಏನೂ ಮಾಡಬೇಕಿಲ್ಲ’ ಎಂದು ಮುಗಿಯುವ ಪೋಸ್ಟ್‌ನ ಎದುರಿಗೆ.