ಬಂಡಿ ನಾಲ್ಕು, ಎತ್ತು ಆರು

ಸಂಡೂರು ತಾಲ್ಲೂಕಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಕ್ರಿಯೆಯಲ್ಲಿ ಮೊದಲು ಮುಗಿದುಹೋಗಿ ಉತ್ಪನ್ನಕ್ಕೆ ಮಿತಿ ಹಾಕುವ ಪದಾರ್ಥವನ್ನು ಲಿಮಿಟಿಂಗ್ ರೀಏಜೆಂಟ್ ಎನ್ನುತ್ತೇವೆ. ಅದನ್ನು ಕಂಡುಹಿಡಿಯುವ ಲೆಕ್ಕವನ್ನು ಪ್ರಥಮ ಪಿಯುಸಿಯ ಒಬ್ಬ ಹುಡುಗ ಕಿರುಪರೀಕ್ಷೆಯಲ್ಲಿ ತಪ್ಪು ಮಾಡಿದ್ದ. ಅವನ ತಂದೆ ಅದಿರಿನ ಲಾರಿ ಓಡಿಸುತ್ತಾರೆ, ಲೆಕ್ಕವೂ ಅದಿರಿನದೇ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಹಾಕಲು ಮನಸ್ಸು ಬರಲಿಲ್ಲ. ಎರಡು ಹಾಳೆಯ ಪತ್ರ ಬರೆದು ಅವನ ನೋಟ್‌ಬುಕ್ಕಿನಲ್ಲಿಟ್ಟೆ. ಅದರಲ್ಲಿ ಬರೆದದ್ದು ಇಷ್ಟು:

ತಮ್ಮಾ,

ನಿನ್ನ ಮೊದಲ ಮೂರು ಸಾಲು ಸರಿಯಾಗಿವೆ. ಸಮೀಕರಣವನ್ನು ಸರಿದೂಗಿಸಿದ್ದೀಯೆ:

```
Fe2O3 + 3CO → 2Fe + 3CO2
```

480 ಗ್ರಾಂ ಕಬ್ಬಿಣದ ಆಕ್ಸೈಡನ್ನು 160ರಿಂದ ಭಾಗಿಸಿ 3 ಮೋಲ್, 196 ಗ್ರಾಂ ಕಾರ್ಬನ್ ಮೊನಾಕ್ಸೈಡನ್ನು 28ರಿಂದ ಭಾಗಿಸಿ 7 ಮೋಲ್ ಎಂದು ಬರೆದಿದ್ದೀಯೆ. ಎರಡೂ ಸರಿ. ನಾಲ್ಕನೆಯ ಸಾಲಿಗೆ ಬಾ. ‘3 ಚಿಕ್ಕದು, 7 ದೊಡ್ಡದು. ಆದ್ದರಿಂದ ಆಕ್ಸೈಡ್ ಮೊದಲು ಮುಗಿಯುತ್ತದೆ’ ಎಂದಿದ್ದೀಯೆ. ತಪ್ಪು ಹುಟ್ಟಿದ್ದು ಈ ಒಂದು ಸಾಲಿನಲ್ಲಿ.

ನಾಲ್ಕು ಬಂಡಿಗಳಿವೆ, ಆರು ಎತ್ತುಗಳಿವೆ ಎಂದುಕೋ. ಎಣಿಕೆಯಲ್ಲಿ ಎತ್ತುಗಳೇ ಹೆಚ್ಚು. ಆದರೆ ಬಂಡಿಗೆ ಜೋಡೆತ್ತು ಬೇಕು, ಹಾಗಾಗಿ ಹೊರಡುವುದು ಮೂರೇ ಬಂಡಿ. ಹೆಚ್ಚಿಗೆ ಇದ್ದ ಎತ್ತುಗಳೇ ಸಾಲದೆ ಬಂದವು. ಎಷ್ಟಿದೆ ಎಂದು ನೋಡಿದರೆ ಸಾಲದು, ಎಷ್ಟು ಬೇಕು ಎಂದೂ ಕೇಳಬೇಕು. ಇಲ್ಲಿ ಒಂದು ಮೋಲ್ ಆಕ್ಸೈಡಿಗೆ ಮೂರು ಮೋಲ್ ಮೊನಾಕ್ಸೈಡ್ ಬೇಕು ಎಂದು ಸಮೀಕರಣವೇ ಹೇಳುತ್ತಿದೆ. ನಿನ್ನ 3 ಮೋಲ್ ಆಕ್ಸೈಡಿಗೆ 9 ಮೋಲ್ ಬೇಕಾಗಿತ್ತು, ಇರುವುದು 7. ಮೊದಲು ಮುಗಿಯುವುದು ಮೊನಾಕ್ಸೈಡ್.

ನಿನ್ನ ಉತ್ತರ ತಪ್ಪೆಂದು ನೀನೇ ಹಿಡಿಯಬಹುದಿತ್ತು. 336 ಗ್ರಾಂ ಕಬ್ಬಿಣ, 396 ಗ್ರಾಂ ಕಾರ್ಬನ್ ಡೈಆಕ್ಸೈಡ್ ಸಿಗುತ್ತದೆ, 112 ಗ್ರಾಂ ಮೊನಾಕ್ಸೈಡ್ ಉಳಿಯುತ್ತದೆ ಎಂದಿದ್ದೀಯೆ. ಕೂಡಿಸು: 844 ಗ್ರಾಂ. ನೀನು ಹಾಕಿದ್ದು 480 ಮತ್ತು 196, ಒಟ್ಟು 676. ಹಾಕದೇ ಇದ್ದ 168 ಗ್ರಾಂ ಎಲ್ಲಿಂದ ಬಂತು?

ಈಗ ನಾಲ್ಕನೆಯ ಸಾಲಿನಿಂದ ಮತ್ತೆ ಬರೆ. ಪ್ರತಿಯೊಂದರ ಮೋಲನ್ನು ಅದರ ಸಹಗುಣಾಂಕದಿಂದ ಭಾಗಿಸು. ಆಕ್ಸೈಡಿಗೆ 3/1, ಅಂದರೆ 3. ಮೊನಾಕ್ಸೈಡಿಗೆ 7/3, ಅಂದರೆ 2.33. ಚಿಕ್ಕದು ಯಾವುದೋ ಅದೇ ಮಿತಿ ಹಾಕುತ್ತದೆ. ಮೂರು ಮೋಲ್ ಮೊನಾಕ್ಸೈಡಿಗೆ ಎರಡು ಮೋಲ್ ಕಬ್ಬಿಣ, ಹಾಗಾದರೆ 7 ಮೋಲಿಗೆ 4.67 ಮೋಲ್, ತೂಕದಲ್ಲಿ 261.3 ಗ್ರಾಂ. ಡೈಆಕ್ಸೈಡ್ 7 ಮೋಲ್, 308 ಗ್ರಾಂ. ಉಳಿದ ಆಕ್ಸೈಡ್ 106.7 ಗ್ರಾಂ. ಮೂರನ್ನೂ ಕೂಡಿಸಿ ನೋಡು.

ಪತ್ರ ಅಲ್ಲಿಗೆ ಮುಗಿಯಿತು. ಬರೆಯುತ್ತಿದ್ದಾಗ ನನಗೆ ಒಂದು ವಿಷಯ ಹೊಳೆಯಿತು. ತರಗತಿಯಲ್ಲಿ ನಾನು ಮೊದಲು ಬಿಡಿಸಿದ ಲೆಕ್ಕ ಕಬ್ಬಿಣ ಮತ್ತು ಗಂಧಕದ್ದು. ಅಲ್ಲಿ ಎರಡಕ್ಕೂ ಸಹಗುಣಾಂಕ ಒಂದೇ ಆದ್ದರಿಂದ ಬರಿಯ ಮೋಲುಗಳನ್ನು ಹೋಲಿಸಿದರೂ ಉತ್ತರ ಸರಿಯಾಗಿಯೇ ಬರುತ್ತದೆ. ಹುಡುಗ ಕಲಿತದ್ದು ಆ ದಾರಿಯನ್ನೇ. ಈಗ ಮೊದಲ ಉದಾಹರಣೆಯಾಗಿ ಸಹಗುಣಾಂಕ ಬೇರೆ ಬೇರೆ ಇರುವುದನ್ನೇ ಹಲಗೆಯ ಮೇಲೆ ಬರೆಯುತ್ತೇನೆ. ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ನಿಜವಾದ ಊದುಕುಲುಮೆಯಲ್ಲಿ ಮೊನಾಕ್ಸೈಡ್ ಪೂರ್ತಿ ಖರ್ಚಾಗುವುದಿಲ್ಲ, ಕುಲುಮೆಯ ಬಾಯಿಂದ ಹೊರಬರುವ ಅನಿಲದಲ್ಲಿಯೂ ಅದು ಇರುತ್ತದೆ. ನಮ್ಮ ಲೆಕ್ಕ ಕ್ರಿಯೆ ಪೂರ್ಣವಾಗಿ ನಡೆಯುತ್ತದೆ ಎಂದುಕೊಂಡು ಮಾಡಿದ ಲೆಕ್ಕ.

ಪತ್ರದ ಹಿಂಬದಿಯಲ್ಲಿ ಹೊಸ ಲೆಕ್ಕ ಕೊಟ್ಟಿದ್ದೆ: 320 ಗ್ರಾಂ ಆಕ್ಸೈಡ್, 140 ಗ್ರಾಂ ಮೊನಾಕ್ಸೈಡ್. ಮೂರನೆಯ ದಿನ ನೋಟ್‌ಬುಕ್ ಬಂತು. 2/1 ಮತ್ತು 5/3 ಎಂದು ಭಾಗಿಸಿ, ಮಿತಿ ಹಾಕುವುದು ಮೊನಾಕ್ಸೈಡ್ ಎಂದು ಸರಿಯಾಗಿ ಹಿಡಿದಿದ್ದ. ಆಮೇಲೆ ಭಾಗಲಬ್ಧ 1.67ನ್ನೇ ಕಬ್ಬಿಣದ ಮೋಲ್ ಎಂದುಕೊಂಡು 93.3 ಗ್ರಾಂ ಎಂದು ಬರೆದಿದ್ದ. ಇದು ಈ ವಿಧಾನದಲ್ಲಿ ಬಹಳ ಮಕ್ಕಳು ಬೀಳುವ ಗುಂಡಿ. ಭಾಗಲಬ್ಧವನ್ನು ಉತ್ಪನ್ನದ ಸಹಗುಣಾಂಕದಿಂದ ಮತ್ತೆ ಗುಣಿಸಬೇಕು, ಇಲ್ಲಿ ಎರಡರಿಂದ.

ನಾನು ಪೆನ್ನು ತೆಗೆಯುವ ಮೊದಲೇ ಪುಟದ ಅಂಚು ಕಣ್ಣಿಗೆ ಬಿತ್ತು. ಅಲ್ಲಿ ಪೆನ್ಸಿಲಿನಲ್ಲಿ 93.3, 220, 53.3 ಎಂದು ಕೂಡಿಸಿ, ‘460 ಬರಲಿಲ್ಲ, 93.3 ಕಡಿಮೆ’ ಎಂದು ಬರೆದುಕೊಂಡಿದ್ದ. ಅದರ ಕೆಳಗೆ 93.3ನ್ನು ಹೊಡೆದುಹಾಕಿ 186.7 ಎಂದು ತಿದ್ದಿದ್ದ.