ರಾಜೀನಾಮೆ ಒಪ್ಪಿಗೆ ಪತ್ರ: ತಾರೀಖು ಮೊದಲು, ವಾಕ್ಯ ಆಮೇಲೆ

ಕಲಬುರಗಿಯ ಒಂದು ದಾಲ್ ಮಿಲ್. ಇಪ್ಪತ್ತು ಮಂದಿ ಕೆಲಸಗಾರರು. ಲೆಕ್ಕ ನೋಡುವ ಮುನೀಮರು 2026ರ ಜೂನ್ 1ರಂದು ರಾಜೀನಾಮೆ ಕೊಟ್ಟರು ಅಂದುಕೊಳ್ಳಿ. ನೇಮಕಾತಿ ಪತ್ರದಲ್ಲಿ ಒಂದು ತಿಂಗಳ ನೋಟಿಸ್ ಇದೆ. ಹಾಗಾಗಿ ಅವರ ಕೊನೆಯ ದಿನ ಜೂನ್ 30.

ಇಂಥಲ್ಲಿ ಮಾಲೀಕರು ಸಾಮಾನ್ಯವಾಗಿ ಬರೆಯುವ ಸಾಲು ಇದು: ‘ಚಾರ್ಜ್ ಪೂರ್ತಿ ಕೊಟ್ಟ ಮೇಲೆ ಲೆಕ್ಕ ಚುಕ್ತಾ ಮಾಡಲಾಗುವುದು.’ ಜಗಳ ಹುಟ್ಟುವುದು ಇಲ್ಲಿಂದಲೇ. ಚಾರ್ಜ್ ಯಾವಾಗ ಪೂರ್ತಿಯಾಯಿತು ಅಂತ ಹೇಳುವವರು ಯಾರು? ಗೋದಾಮಿನಲ್ಲಿ ನಾಲ್ಕು ಚೀಲ ತೊಗರಿ ತಾಳೆಯಾಗದಿದ್ದರೆ ಹಣ ತಿಂಗಳುಗಟ್ಟಲೆ ನಿಲ್ಲುತ್ತದೆ. ಕಾನೂನು ಇದಕ್ಕೆ ಒಪ್ಪುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟವರ ಸಂಬಳವನ್ನೂ ಎರಡು ಕೆಲಸದ ದಿನದೊಳಗೆ ಕೊಡಬೇಕು.

ಆದ್ದರಿಂದ ಕ್ಯಾಲೆಂಡರ್ ಮುಂದಿಟ್ಟುಕೊಂಡು ಹಿಂದಿನಿಂದ ಲೆಕ್ಕ ಹಾಕಿ. ಕೊನೆಯ ದಿನ ಜೂನ್ 30, ಮಂಗಳವಾರ. ಸಂಬಳ ಜುಲೈ 2ರೊಳಗೆ. ಚಾರ್ಜ್ ಮಾತ್ರ ಇದಕ್ಕೂ ಮೊದಲೇ ಮುಗಿಯಬೇಕು, ಜೂನ್ 26ಕ್ಕೆ ಇಡಿ. ತಪ್ಪು ಕಂಡರೆ ಸರಿಪಡಿಸಲು ಮುನೀಮರು ಇನ್ನೂ ಮಿಲ್‌ನಲ್ಲೇ ಇರುತ್ತಾರಲ್ವಾ?

ಚಾರ್ಜ್ ಅಂದರೆ ಬರೀ ಬೀಗದ ಕೈಯಲ್ಲ. ಸ್ಟಾಕ್ ರಿಜಿಸ್ಟರ್, ತೂಕದ ಚೀಟಿ, ಎಪಿಎಂಸಿ ಬಿಲ್, ಚೆಕ್ ಬುಕ್, ರೈತರಿಗೂ ವ್ಯಾಪಾರಿಗಳಿಗೂ ಕೊಡಬೇಕಾದ ಬಾಕಿ ಪಟ್ಟಿ, ಎಲ್ಲ ಸೇರುತ್ತದೆ. ಜಾಸ್ತಿ ಮರೆತುಹೋಗುವುದು ಮೊಬೈಲ್ ನಂಬರ್. ಜಿಎಸ್‌ಟಿ ಮತ್ತು ಬ್ಯಾಂಕಿನ ಒಟಿಪಿ ಮುನೀಮರ ಸ್ವಂತ ಫೋನಿಗೆ ಬರುವ ಮಿಲ್‌ಗಳು ಎಷ್ಟೋ ಇವೆ. ಅವರು ಹೋದ ಮೇಲೆ ರಿಟರ್ನ್ ಹಾಕುವಾಗೆಲ್ಲ ಅವರಿಗೇ ಫೋನ್ ಮಾಡಬೇಕಾಗುತ್ತದೆ. ಮೇ ತಿಂಗಳ ಜಿಎಸ್‌ಟಿಆರ್-3ಬಿ ಜೂನ್ 20ಕ್ಕೆ ಹೋಗಬೇಕು. ಅಷ್ಟರೊಳಗೆ ನಂಬರ್ ಬದಲಿಸಿ. ಆ ರಿಟರ್ನನ್ನು ಹೊಸಬರು ಹಾಕಲಿ, ಹಳಬರು ಪಕ್ಕದಲ್ಲಿ ಕೂತು ನೋಡಲಿ.

ಇನ್ನು ಹಣ. ಮುನೀಮರ ತಿಂಗಳ ಸಂಬಳ 26,000 ರೂಪಾಯಿ. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ 20,800, ಉಳಿದದ್ದು ಮನೆ ಬಾಡಿಗೆ ಮತ್ತು ಓಡಾಟದ ಭತ್ಯೆ. ಜೂನ್ ಸಂಬಳದಲ್ಲಿ ಪಿಎಫ್ 1,800, ವೃತ್ತಿ ತೆರಿಗೆ 200, ಬಾಕಿ ಉಳಿದ ಮುಂಗಡ 6,000 ಕಳೆದರೆ 18,000. ಬಾಕಿ ಇರುವ 12 ಗಳಿಕೆ ರಜೆಗೆ ದಿನಕ್ಕೆ 800ರಂತೆ 9,600. ಒಟ್ಟು 27,600.

ಗ್ರಾಚ್ಯುಟಿ ಬೇರೆ. ಅವರು 2019ರ ಅಕ್ಟೋಬರ್ 10ರಂದು ಸೇರಿದವರು. ಸೇವೆ ಆರು ವರ್ಷ ಎಂಟು ತಿಂಗಳು ದಾಟಿದೆ. ಆರು ತಿಂಗಳಿಗಿಂತ ಹೆಚ್ಚಿನ ಉಳಿಕೆಯನ್ನು ಪೂರ್ತಿ ವರ್ಷವೆಂದು ಹಿಡಿಯುವುದರಿಂದ ಏಳು ವರ್ಷ. 20,800ನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 12,000, ಏಳಕ್ಕೆ 84,000. ಇದನ್ನು 30 ದಿನದೊಳಗೆ, ಅಂದರೆ ಜುಲೈ 30ರೊಳಗೆ ಕೊಡಬೇಕು. ಮುಂಗಡವನ್ನು ಇದರಲ್ಲಿ ಮುರಿದುಕೊಳ್ಳಬೇಡಿ. ಅದಕ್ಕೇ ಸಂಬಳದಲ್ಲಿ ಕಳೆದದ್ದು.

ಈಗ ಪತ್ರ ತಾನಾಗಿಯೇ ಬರುತ್ತದೆ. ಲೆಟರ್‌ಹೆಡ್ ಮೇಲೆ ಹೀಗೆ ಬರೆಯಬಹುದು:

‘ದಿನಾಂಕ: 3 ಜೂನ್ 2026

ಶ್ರೀ ________ ಅವರಿಗೆ,

ನೀವು ಜೂನ್ 1ರಂದು ಕೊಟ್ಟ ರಾಜೀನಾಮೆಯನ್ನು ಒಪ್ಪಿಕೊಂಡಿದ್ದೇವೆ. ನಿಮ್ಮ ಸೇವೆಯ ಕೊನೆಯ ದಿನ ಜೂನ್ 30, 2026.

ಹೊಸ ತೊಗರಿ ಬರುವ ಡಿಸೆಂಬರ್, ಜನವರಿಯಲ್ಲಿ ರಾತ್ರಿಯವರೆಗೂ ಕೂತು ರೈತರ ತೂಕದ ಚೀಟಿಗಳನ್ನು ಅಂದಂದೇ ತಾಳೆ ಮಾಡಿದಿರಿ. ರೈತರು ಎರಡನೇ ಸಲ ಅಲೆಯದಂತೆ ನೋಡಿಕೊಂಡಿರಿ. ಅದಕ್ಕೆ ನಾವು ನಿಮಗೆ ಋಣಿಗಳು.

ಜತೆಗಿಟ್ಟ ಪಟ್ಟಿಯಂತೆ ಜೂನ್ 26ರೊಳಗೆ ಚಾರ್ಜ್ ವಹಿಸಿಕೊಡಬೇಕಾಗಿ ಕೋರುತ್ತೇವೆ. ಸಂಬಳ ಮತ್ತು ರಜೆಯ ಹಣ 27,600 ರೂಪಾಯಿ ಜುಲೈ 2ರೊಳಗೆ, ಗ್ರಾಚ್ಯುಟಿ 84,000 ರೂಪಾಯಿ ಜುಲೈ 30ರೊಳಗೆ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಅನುಭವ ಪತ್ರವನ್ನು ಜೂನ್ 30ರಂದೇ ಕೊಡುತ್ತೇವೆ. ಲೆಕ್ಕದ ವಿವರ ಲಗತ್ತಿಸಿದೆ. ವ್ಯತ್ಯಾಸ ಕಂಡರೆ ಜೂನ್ 26ರೊಳಗೆ ತಿಳಿಸಿ.

ಇಂತಿ,
ಮಾಲೀಕರು’

ಧನ್ಯವಾದದ ಸಾಲನ್ನು ನೋಡಿ. ‘ನಿಮ್ಮ ಅಮೂಲ್ಯ ಸೇವೆಗೆ’ ಅಂತ ಸುಮ್ನೆ ಬರೆದರೆ ಅದು ಯಾರಿಗಾದರೂ ಹೊಂದುತ್ತದೆ. ಅವರೇ ಮಾಡಿದ ಒಂದು ಕೆಲಸದ ಹೆಸರು ಹೇಳಿ, ಸಾಕು. ಯಾಕೆ ಬಿಡುತ್ತಿದ್ದಾರೆ, ಬಿಟ್ಟರೆ ಮಿಲ್‌ಗೆ ಎಷ್ಟು ತೊಂದರೆ ಅನ್ನುವ ಮಾತು ಈ ಪತ್ರದಲ್ಲಿ ಬೇಡ.

ಎರಡು ಪ್ರತಿ ಮಾಡಿ. ಒಂದರ ಮೇಲೆ ಅವರ ಸಹಿ ಮತ್ತು ತಾರೀಖು ಹಾಕಿಸಿ ಫೈಲಿಗೆ ಸೇರಿಸಿ. ಪಿಎಫ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನವನ್ನು ಜೂನ್ 30 ಎಂದೇ ನಮೂದಿಸಿ. ಪತ್ರದಲ್ಲೊಂದು, ಅಲ್ಲೊಂದು ತಾರೀಖು ಇದ್ದರೆ ಅವರು ಪಿಎಫ್ ಹಣ ತೆಗೆಯಲು ಅಥವಾ ಹೊಸ ಕಡೆಗೆ ವರ್ಗಾಯಿಸಲು ಹೋದಾಗ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು.